ಜ್ವರ ಬಿಡ್ತು ಅಂತ ನಿರಾಳ ಆಗೋ ಮುಂಚೆ ಇದನ್ನ ನೋಡ್ಕೊಳ್ಳಿ

ನನ್ನ ತಮ್ಮನ್ನ ಒಂದ್ಸಲ ಕಲ್ಪಿಸ್ಕೊಳ್ಳಿ, ಥರ್ಮಾಮೀಟರ್ 103 ತೋರಿಸ್ತಿದೆ, ಮೈ ಮುಟ್ಟಿದ್ರೆ ಸುಡುತ್ತೆ, ಆದ್ರೂ ಎರಡು ರಗ್ಗು ಹೊದ್ಕೊಂಡು ಗಡಗಡ ನಡುಗ್ತಿದಾನೆ. ಅಷ್ಟು ಬಿಸಿ ಇದ್ರೂ ಚಳಿ ಯಾಕೆ ಅಂದ್ರೆ, ಮೈ ಎಷ್ಟು ಬಿಸಿ ಇರ್ಬೇಕು ಅಂತ ಮೆದುಳಲ್ಲಿರೋ ಹೈಪೋಥಾಲಮಸ್ ಡಿಸೈಡ್ ಮಾಡುತ್ತೆ, ಗೀಸರ್ ಥರ್ಮೋಸ್ಟಾಟ್ ಥರಾನೇ. ವೈರಸ್ ಒಳಗೆ ಬಂದಾಗ ಬಿಳಿ ರಕ್ತಕಣಗಳು ಕೆಲವು ಕೆಮಿಕಲ್ ಬಿಡ್ತವೆ, ಅದ್ರಿಂದ ಮೆದುಳಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತು ಜಾಸ್ತಿಯಾಗಿ ಆ ಸೆಟ್ಟಿಂಗ್ ಮೇಲಕ್ಕೆ ಹೋಗಿಬಿಡುತ್ತೆ. ಮೈ ಬಿಸಿ ಅಲ್ಲಿಗೆ ಮುಟ್ಟೋವರೆಗೂ ಮೆದುಳಿಗೆ ಅದು ತಂಪು ಅಂತಾನೇ ಲೆಕ್ಕ, ಅದಕ್ಕೇ ಕೈಕಾಲು ತಣ್ಣಗಾಗುತ್ತೆ, ನಡುಕ ಬರುತ್ತೆ, ನಡುಗಿದ್ರೆ ಮೈ ಇನ್ನೂ ಬಿಸಿಯಾಗುತ್ತೆ. ಆ ಬಿಸಿಗೆ ಎಷ್ಟೋ ವೈರಸ್‌ಗಳು ಬೆಳೆಯೋದು ನಿಧಾನ ಆಗುತ್ತೆ, ನಮ್ಮ ರಕ್ತಕಣಗಳ ಕೆಲಸ ಚುರುಕಾಗುತ್ತೆ. ಪ್ಯಾರಾಸಿಟಮಾಲ್ ಆ ಸೆಟ್ಟಿಂಗ್ ಮಾತ್ರ ಇಳಿಸೋದು, ಬೆವರು ಬಂದು ಮೈ ತಣ್ಣಗಾಗುತ್ತೆ, ಆದ್ರೆ ಕಾಯಿಲೆ ಹಾಗೇ ಇರುತ್ತೆ.

ಮಳೆಗಾಲದಲ್ಲಿ ನನಗೆ ಭಯ ಡೆಂಗ್ಯೂದು. ತಮ್ಮನಿಗೂ ಅದೇ, ಡೆಂಗ್ಯೂ ಪತ್ತೆ ಮಾಡೋ ಎನ್‌ಎಸ್‌1 ರಕ್ತಪರೀಕ್ಷೆ ಪಾಸಿಟಿವ್ ಬಂತು. ಮೂರು ದಿನ ಜೋರು ಜ್ವರ, ಕಣ್ಣಿನ ಹಿಂದೆ ನೋವು, ನಾಲ್ಕನೇ ದಿನ ಬೆಳಗ್ಗೆ ಜ್ವರ ಪೂರ್ತಿ ಇಳೀತು, ಅಮ್ಮ ಸದ್ಯ ಬಿಡ್ತಲ್ಲ ಅಂದ್ರು. ಆದ್ರೆ ಡೆಂಗ್ಯೂನಲ್ಲಿ ಅಪಾಯ ಶುರುವಾಗೋದು ಹೆಚ್ಚಾಗಿ ಇಲ್ಲೇ, ಜ್ವರ ಇಳಿಯೋ ಹೊತ್ತಿಗೆ ಕೆಲವರಿಗೆ ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಗೆ ಸೋರುತ್ತೆ, ರಕ್ತ ಗಟ್ಟಿಯಾಗುತ್ತೆ, ಬಿಪಿ ಬೀಳುತ್ತೆ.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಹೊಟ್ಟೆನೋವು ಜಾಸ್ತಿ ಆಯ್ತು, ಕುಡಿದ ಗಂಜಿ ಎಲ್ಲಾ ವಾಂತಿ, ಬೆಳಗ್ಗೆಯಿಂದ ಮೂತ್ರಕ್ಕೇ ಹೋಗಿಲ್ಲ, ಕರೆದ್ರೆ ಮಂಪರಲ್ಲಿ ಹ್ಞೂಂ ಅಂತಾನೆ ಅಷ್ಟೇ. ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ನಾವೆಲ್ಲ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳ್ತಿದ್ರೆ ಡಾಕ್ಟರ್ ಮೊದ್ಲು ನೋಡಿದ್ದು ಪಿಸಿವಿ, ಅಂದ್ರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನೋದನ್ನ, ಅದು ಹಿಂದಿನ ರಿಪೋರ್ಟ್‌ಗಿಂತ ಏರಿತ್ತು, ಅಂದ್ರೆ ಸೋರ್ತಾ ಇದೆ ಅಂತ. ಡ್ರಿಪ್ ಹಾಕಿ ಅಳತೆ ನೋಡ್ಕೊಂಡು ಕೊಟ್ರು, ಹುಷಾರಾದ.

ಒಸಡಲ್ಲಿ, ಮೂಗಲ್ಲಿ ರಕ್ತ ಬಂದ್ರೂ, ಕಪ್ಪಗೆ ಮಲ ಹೋದ್ರೂ ಹಾಗೇ ಹೊರಡಿ, ಪಪ್ಪಾಯ ಎಲೆ ರಸ ಹಿಂಡ್ತಾ ಟೈಮ್ ಕಳೀಬೇಡಿ ಪ್ಲೀಸ್. ಡೆಂಗ್ಯೂ ಅಲ್ಲದಿದ್ರೂ ಜ್ವರದ ಜೊತೆ ಕತ್ತು ಬಗ್ಗಿಸಕ್ಕಾಗದಷ್ಟು ಬಿಗಿ, ಉಸಿರಾಟಕ್ಕೆ ಕಷ್ಟ, ಫಿಟ್ಸ್, ಅಸಂಬದ್ಧ ಮಾತು, ಇದ್ರಲ್ಲಿ ಯಾವುದಿದ್ರೂ ರಾತ್ರಿ ಅಂತ ನೋಡ್ಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಮುಟ್ಟಿದ್ರೆ ಸಾಕು, ಬೇರೆ ಲಕ್ಷಣ ಏನೂ ಇಲ್ದಿದ್ರೂ ಅವತ್ತೇ ತೋರಿಸ್ಬೇಕು. ಆಮೇಲೆ ಮೈಕೈ ನೋವು ಅಂತ ಮೆಡಿಕಲ್ ಶಾಪಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೊಟ್ರೆ ಡೆಂಗ್ಯೂ ಅಲ್ಲ ಅಂತ ಗೊತ್ತಾಗೋವರೆಗೂ ತಗೋಬೇಡಿ, ರಕ್ತಸ್ರಾವ ಜಾಸ್ತಿ ಆಗ್ಬಹುದು.