ಕಂಪ್ರೆಸರ್ ಕೆಳಗಿನ ಸ್ಪ್ರಿಂಗ್ ಎಷ್ಟು ಕುಗ್ಗಬೇಕು?

ಕೇಳುಗರೇ, ನಮಸ್ಕಾರ.

ಕಂಪ್ರೆಸರ್ ಚಾಲೂ ಆದಾಗ ನೆಲ ನಡುಗುತ್ತದೆ, ಪಕ್ಕದ ಕೋಣೆಯ ಕಿಟಕಿ ಗಾಜು ಗಿರಗಿರ ಎನ್ನುತ್ತದೆ. ಆಗ ಯಾರಾದರೂ ಹೇಳುವ ಮೊದಲ ಮಾತು ಇದೇ: 'ಕೆಳಗೆ ಒಂದು ರಬ್ಬರ್ ಹಾಕಿ, ಸರಿ ಹೋಗುತ್ತದೆ.' ರಬ್ಬರ್ ಹಾಕಿದ ಮೇಲೆ ನಡುಕ ಜಾಸ್ತಿಯಾದರೆ? ಹಾಗೆ ಆಗುವುದುಂಟು. ಯಾಕೆ ಹಾಗಾಗುತ್ತದೆ, ಸ್ಪ್ರಿಂಗ್ ಆರಿಸುವಾಗ ಯಾವ ಲೆಕ್ಕ ನೋಡಬೇಕು ಅನ್ನೋದು ಇವತ್ತಿನ ಮಾತು.

ಮೊದಲು ಒಂದು ಸಣ್ಣ ಪ್ರಯೋಗ. ಉದ್ದನೆಯ ರಬ್ಬರ್ ಬ್ಯಾಂಡಿನ ಒಂದು ತುದಿಗೆ ಬೀಗದ ಕೈಗಳ ಗೊಂಚಲು ಕಟ್ಟಿ. ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಗೊಂಚಲನ್ನು ತೂಗಾಡಲು ಬಿಡಿ. ಕೈಯನ್ನು ತುಂಬ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಗೊಂಚಲೂ ಕೈ ಜೊತೆಗೇ ಅಷ್ಟೇ ಏರಿಳಿಯುತ್ತದೆ. ಸ್ವಲ್ಪ ವೇಗ ಹೆಚ್ಚಿಸಿ. ಒಂದು ಹಂತದಲ್ಲಿ ಕೈ ಅಲ್ಲಾಡುವುದು ಚೂರೇ ಚೂರು, ಗೊಂಚಲು ಮಾತ್ರ ಹುಚ್ಚಾಪಟ್ಟೆ ಕುಣಿಯುತ್ತದೆ. ಇನ್ನೂ ಜೋರಾಗಿ ಆಡಿಸಿ ನೋಡಿ. ಈಗ ಕೈ ಪಟಪಟ ಆಡುತ್ತಿದ್ದರೂ ಗೊಂಚಲು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ.

ಮೂರೂ ಸಲ ರಬ್ಬರ್ ಬ್ಯಾಂಡ್ ಅದೇ, ತೂಕ ಅದೇ. ಬದಲಾದದ್ದು ಕೈಯ ವೇಗ ಮಾತ್ರ. ಅಂದರೆ ಮೆತ್ತಗಿರುವುದಷ್ಟೇ ಕಂಪನವನ್ನು ತಡೆಯುವುದಿಲ್ಲ. ಸ್ಪ್ರಿಂಗ್ ಮತ್ತು ತೂಕ ಸೇರಿ ತಮ್ಮಷ್ಟಕ್ಕೆ ಕುಣಿಯುವ ಒಂದು ವೇಗ ಇರುತ್ತದೆ. ಅದಕ್ಕೆ ಸ್ವಾಭಾವಿಕ ಆವರ್ತನ ಅಂತಾರೆ. ಯಂತ್ರದ ವೇಗ ಅದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಮಾತ್ರ ಸ್ಪ್ರಿಂಗ್ ನಮ್ಮ ಕೆಲಸಕ್ಕೆ ಬರುತ್ತದೆ. ಎರಡೂ ಹತ್ತಿರ ಬಂದರೆ ರೆಸೋನೆನ್ಸ್ ಆಗಿ ಎಲ್ಲವೂ ಕುಣಿಯಲು ಶುರು.

ಈಗ ಒಂದು ಕಂಪ್ರೆಸರ್ ತೆಗೆದುಕೊಳ್ಳೋಣ. ಪಿಸ್ಟನ್ ಇರುವಂಥದ್ದು, ಮೋಟಾರು ಬೆಲ್ಟ್ ಮೂಲಕ ಅದನ್ನು ತಿರುಗಿಸುತ್ತದೆ. ಮೋಟಾರು, ಬೇಸ್ ಫ್ರೇಮ್ ಎಲ್ಲ ಸೇರಿ 600 ಕಿಲೋ ತೂಕ. ಕಂಪ್ರೆಸರ್ ನಿಮಿಷಕ್ಕೆ 720 ಸುತ್ತು, ಅಂದರೆ ಸೆಕೆಂಡಿಗೆ 12 ಸುತ್ತು ತಿರುಗುತ್ತದೆ. ಪಿಸ್ಟನ್‌ನ ಓಡಾಟದಿಂದ ಸೆಕೆಂಡಿಗೆ 12 ಸಲ ಒಂದು ತಳ್ಳು ಬೀಳುತ್ತದೆ. ಅದರ ಗರಿಷ್ಠ ಬಲ 1800 ನ್ಯೂಟನ್ ಅಂದುಕೊಳ್ಳಿ. ಈ ಯಂತ್ರದಲ್ಲಿ 24 ಹರ್ಟ್ಜಿನ, ಅಂದರೆ ಸೆಕೆಂಡಿಗೆ 24 ಸಲದ ಕಂಪನವೂ ಇರುತ್ತದೆ, ಆದರೆ ಲೆಕ್ಕ ಹಾಕಬೇಕಾದ್ದು ಎಲ್ಲಕ್ಕಿಂತ ಕಡಿಮೆ ವೇಗದ ಕಂಪನಕ್ಕೆ. ತಡೆಯಲು ಕಷ್ಟವಾದದ್ದು ಅದೇ. ಅದನ್ನು ತಡೆಯುವ ಸ್ಪ್ರಿಂಗ್ ಉಳಿದದ್ದನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ.

ಸ್ವಾಭಾವಿಕ ಆವರ್ತನ ಕಂಡುಹಿಡಿಯಲು ದೊಡ್ಡ ಉಪಕರಣ ಏನೂ ಬೇಡ, ಒಂದು ಅಳತೆಪಟ್ಟಿ ಸಾಕು. ಯಂತ್ರದ ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ಕುಗ್ಗಿತು ಅಂತ ಅಳೆಯಿರಿ. ಆ ಸಂಖ್ಯೆಯ ವರ್ಗಮೂಲದಿಂದ 15.8ನ್ನು ಭಾಗಿಸಿ. ಬಂದ ಉತ್ತರವೇ ಹರ್ಟ್ಜ್‌ನಲ್ಲಿ ಸ್ವಾಭಾವಿಕ ಆವರ್ತನ. ಈ ಲೆಕ್ಕದಲ್ಲಿ ಯಂತ್ರದ ತೂಕ ಬರುವುದೇ ಇಲ್ಲ, ಗಮನಿಸಿದಿರಾ? 60 ಕಿಲೋ ಯಂತ್ರವಾಗಲಿ, 6000 ಕಿಲೋ ಯಂತ್ರವಾಗಲಿ, ಸ್ಪ್ರಿಂಗ್ 25 ಮಿಲಿಮೀಟರ್ ಕುಗ್ಗಿದರೆ ಆವರ್ತನ ಸುಮಾರು 3.2 ಹರ್ಟ್ಜ್. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಸಂಗತಿ ಇದು. ಕಣ್ಣಿಗೆ ಕಾಣದ ಒಂದು ಗುಣ ಕಣ್ಣಿಗೆ ಕಾಣುವ ಅಳತೆಯಲ್ಲಿ ಸಿಕ್ಕಿಬಿಡುತ್ತದೆ.

ಇನ್ನು ನೆಲಕ್ಕೆ ಎಷ್ಟು ಬಲ ದಾಟುತ್ತದೆ ಅನ್ನೋದು. ಯಂತ್ರ ಹುಟ್ಟಿಸುವ ಬಲದಲ್ಲಿ ನೆಲಕ್ಕೆ ತಲುಪುವ ಪಾಲಿಗೆ ಟ್ರಾನ್ಸ್‌ಮಿಸಿಬಿಲಿಟಿ ಅಂತ ಹೆಸರು. ಯಂತ್ರದ ವೇಗವನ್ನು ಸ್ವಾಭಾವಿಕ ಆವರ್ತನದಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಒಂದು ಕಳೆಯಿರಿ. ಒಂದನ್ನು ಈ ಉತ್ತರದಿಂದ ಭಾಗಿಸಿದರೆ ಆ ಪಾಲು ಸಿಗುತ್ತದೆ. ಯಂತ್ರದ ವೇಗ ಸ್ವಾಭಾವಿಕ ಆವರ್ತನದ ಮೂರು ಪಟ್ಟು ಇದ್ದರೆ ಮೂರು ಮೂರಲಿ ಒಂಬತ್ತು, ಒಂದು ಕಳೆದರೆ ಎಂಟು. ಎಂಟರಲ್ಲಿ ಒಂದು ಪಾಲು ಮಾತ್ರ ನೆಲಕ್ಕೆ ಹೋಗುತ್ತದೆ.

ಈಗ ನಮ್ಮ ಕಂಪ್ರೆಸರ್ ಕೆಳಗೆ ರಬ್ಬರ್ ಪ್ಯಾಡ್ ಇಡೋಣ. ಭಾರಕ್ಕೆ ಅದು 2 ಮಿಲಿಮೀಟರ್ ಕುಗ್ಗಿತು. ಲೆಕ್ಕದ ಪ್ರಕಾರ ಸ್ವಾಭಾವಿಕ ಆವರ್ತನ 11 ಹರ್ಟ್ಜ್‌ಗೆ ಸ್ವಲ್ಪ ಮೇಲೆ. ಯಂತ್ರದ್ದು 12. ಎರಡೂ ಪಕ್ಕಪಕ್ಕದಲ್ಲೇ ಇವೆ! ಸಾಲದ್ದಕ್ಕೆ, ಅಲ್ಲಾಡುವಾಗ ರಬ್ಬರ್ ಸುಮ್ನೆ ಭಾರ ಹೊತ್ತಾಗಿನದಕ್ಕಿಂತ ಗಟ್ಟಿಯಾಗಿ ವರ್ತಿಸುತ್ತದೆ. ಹಾಗಾಗಿ ಅದರ ಆವರ್ತನ ಇನ್ನೂ ಮೇಲೇರಿ ಸರಿಯಾಗಿ 12ರ ಮೇಲೆ ಬಂದು ಕೂತರೂ ಆಶ್ಚರ್ಯವಿಲ್ಲ. ರಬ್ಬರ್ ತಾನೇ ಒಂದಿಷ್ಟು ಕಂಪನವನ್ನು ನುಂಗಿದರೂ ನೆಲಕ್ಕೆ 1800 ನ್ಯೂಟನ್ನಿನ ನಾಲ್ಕು ಪಟ್ಟೋ ಅದಕ್ಕೂ ಹೆಚ್ಚೋ ಹೋಗಬಹುದು. ನೇರವಾಗಿ ಬೋಲ್ಟ್ ಹಾಕಿ ಕೂರಿಸಿದ್ದರೆ 1800 ಮಾತ್ರ ಹೋಗುತ್ತಿತ್ತು.

12 ಹರ್ಟ್ಜ್ ಯಂತ್ರಕ್ಕೆ 1.7 ಮಿಲಿಮೀಟರ್ ಕುಗ್ಗುವುದು ಅತ್ಯಂತ ಕೆಟ್ಟ ಜಾಗ. ಸುಮಾರು 3.5 ಮಿಲಿಮೀಟರ್ ದಾಟುವವರೆಗೂ ಏನೂ ಹಾಕದೆ ಇರುವುದೇ ಮೇಲು. ಅಲ್ಲಿಂದ ಮುಂದೆ ಲಾಭ ಶುರುವಾಗುತ್ತದೆ. 10 ಮಿಲಿಮೀಟರ್ ಕುಗ್ಗಿದರೆ ಐದರಲ್ಲಿ ಒಂದು ಪಾಲು ನೆಲಕ್ಕೆ. 25 ಮಿಲಿಮೀಟರ್ ಕುಗ್ಗಿದರೆ ನೂರಕ್ಕೆ ಏಳೂವರೆಯಷ್ಟು, ಅಂದರೆ 1800 ನ್ಯೂಟನ್ನಿನಲ್ಲಿ ಬರೀ 130ರಷ್ಟು. 50ಕ್ಕೆ ಹೋದರೆ ಇನ್ನೂ ಅರ್ಧ ಆಗುತ್ತದೆ, ಆದರೆ ಯಂತ್ರ ಓಲಾಡಲು ಶುರುವಾಗುತ್ತದೆ. ಈ ಕಂಪ್ರೆಸರ್‌ಗೆ 25 ಮಿಲಿಮೀಟರ್ ಅನ್ನೋದೇ ನನ್ನ ಆಯ್ಕೆ. ಅಷ್ಟು ಕುಗ್ಗಲು ತೆಳು ಪ್ಯಾಡಿನಿಂದ ಆಗದು. ಉಕ್ಕಿನ ಸುರುಳಿ ಸ್ಪ್ರಿಂಗೇ ಬೇಕು.

600 ಕಿಲೋ, ನಾಲ್ಕು ಮೂಲೆ. ಹಾಗಾದರೆ ತಲಾ 150 ಕಿಲೋ ಹೊರುವ ಒಂದೇ ಥರದ ನಾಲ್ಕು ಸ್ಪ್ರಿಂಗ್ ತಂದರೆ ಆಯಿತಾ? ಇಲ್ಲ. ಮೋಟಾರಿನ ಕಡೆ ಭಾರ ಜಾಸ್ತಿ. ಆ ಕಡೆಯ ಎರಡು ಮೂಲೆಗಳಿಗೆ ತಲಾ 180 ಕಿಲೋ, ಈ ಕಡೆ ತಲಾ 120 ಕಿಲೋ ಬೀಳುತ್ತದೆ ಅಂದುಕೊಳ್ಳಿ. ಒಂದೇ ಥರದ ಸ್ಪ್ರಿಂಗ್ ಹಾಕಿದರೆ ಒಂದು ಕಡೆ 30 ಮಿಲಿಮೀಟರ್, ಇನ್ನೊಂದು ಕಡೆ 20 ಮಿಲಿಮೀಟರ್ ಕುಗ್ಗಿ ಯಂತ್ರ ವಾಲಿಕೊಂಡು ನಿಲ್ಲುತ್ತದೆ. ಮೇಲೆ ಕೆಳಗೆ ಆಡುವುದರ ಜೊತೆಗೆ ತೂಗಾಟವೂ ಸೇರುತ್ತದೆ. ಅದಕ್ಕೇ ಭಾರದ ಕಡೆ ಮಿಲಿಮೀಟರಿಗೆ ಸುಮಾರು 71 ನ್ಯೂಟನ್ ಬಿಗುವಿನ ಸ್ಪ್ರಿಂಗ್, ಹಗುರದ ಕಡೆ 47 ನ್ಯೂಟನ್ನಿನದು. ಆಗ ನಾಲ್ಕೂ ಕಡೆ ಒಂದೇ ಸಮ 25 ಮಿಲಿಮೀಟರ್. ಭಾರ ಬಿದ್ದ ಮೇಲೂ ಸುರುಳಿಗಳ ನಡುವೆ ಸಂದು ಉಳಿದಿರಬೇಕು. ಇನ್ನೊಂದು ಹನ್ನೆರಡು ಮಿಲಿಮೀಟರ್ ಆದರೂ ಕುಗ್ಗಲು ಜಾಗ ಇರುವ ಸ್ಪ್ರಿಂಗ್ ತೆಗೆದುಕೊಳ್ಳಿ. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡವು ಅಂದರೆ ಅದು ಸ್ಪ್ರಿಂಗ್ ಅಲ್ಲ, ಉಕ್ಕಿನ ಗುಂಡು.

ನೆಲ ಉಳಿಯಿತು, ಸರಿ. ಯಂತ್ರದ ಕಥೆ ಏನು? ಸ್ಪ್ರಿಂಗ್ ಮೇಲೆ ಕೂತ ಯಂತ್ರ ಮೊದಲಿಗಿಂತ ಜಾಸ್ತಿ ಅಲ್ಲಾಡುತ್ತದೆ. ನಮ್ಮದು ನಡುವಿನಿಂದ ಆ ಕಡೆ ಈ ಕಡೆ ಅರ್ಧ ಮಿಲಿಮೀಟರಿಗೂ ಚೂರು ಹೆಚ್ಚು ಆಡುತ್ತದೆ. ಪೈಪಿನ ಬೆಸುಗೆಗಳಿಗೆ ಅದು ಒಳ್ಳೆಯದಲ್ಲ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಹಾಕಿದ್ದೇ ವ್ಯರ್ಥ. ಇಲ್ಲಿ ಬೇಕಾದ್ದು ತೂಕ. ಯಂತ್ರದ ಕೆಳಗೆ ಒಂದೂವರೆ ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸನ್ನು ಎರಕ ಹೊಯ್ದು, ಯಂತ್ರವನ್ನು ಅದಕ್ಕೆ ಬಿಗಿದು, ಹಾಸನ್ನು ಸ್ಪ್ರಿಂಗ್ ಮೇಲೆ ಇಡುತ್ತಾರೆ. ಹಾಸು ಸುಮಾರು 900 ಕಿಲೋ, ಒಟ್ಟು 1500 ಕಿಲೋ. ಮತ್ತೆ 25 ಮಿಲಿಮೀಟರ್ ಕುಗ್ಗುವಂತೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಯಂತ್ರದ ಆಟ ಸುಮಾರು 0.23 ಮಿಲಿಮೀಟರಿಗೆ ಇಳಿಯುತ್ತದೆ. ನೆಲಕ್ಕೆ ಹೋಗುವ ಬಲ ಮಾತ್ರ ಅಷ್ಟೇ ಇರುತ್ತದೆ. ಹಾಸು ನೆಲವನ್ನು ಕಾಪಾಡಲು ಅಂತ ಅನೇಕರು ತಿಳಿದಿರುತ್ತಾರೆ. ಅದು ಕಾಪಾಡುವುದು ಯಂತ್ರವನ್ನು ಮತ್ತು ಪೈಪನ್ನು. ಜೊತೆಗೆ ಭಾರದ ಕೇಂದ್ರ ಕೆಳಗಿಳಿದು ಓಲಾಟವೂ ಕಡಿಮೆಯಾಗುತ್ತದೆ.

ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ ಕಂಪ್ರೆಸರ್ ನಿಮಿಷಕ್ಕೆ 190 ಸುತ್ತಿನ ಆಸುಪಾಸು ಹಾದುಹೋಗಲೇಬೇಕು. ಅದು ಸೆಕೆಂಡಿಗೆ ಸುಮಾರು 3.2 ಸುತ್ತು, ಅಂದರೆ ನಮ್ಮ ಸ್ವಾಭಾವಿಕ ಆವರ್ತನವೇ. ಅಲ್ಲಿ ರೆಸೋನೆನ್ಸ್ ಇದೆ. ಚಾಲೂ ಆಗುವಾಗ ಬೇಗ ದಾಟುತ್ತದೆ. ನಿಲ್ಲುವಾಗ ನಿಧಾನಕ್ಕೆ ಇಳಿಯುವುದರಿಂದ ಕೊನೆಯಲ್ಲಿ ಒಂದು ಓಲಾಟ ಕಾಣುತ್ತದೆ. ಅದಕ್ಕೆ ಹೆದರಿ ಶಾಕ್ ಅಬ್ಸಾರ್ಬರ್ ಥರದ್ದನ್ನು ದಂಡಿಯಾಗಿ ಹಾಕಬೇಡಿ. ಅದು ಆ ಕ್ಷಣದ ಕುಣಿತವನ್ನು ಇಳಿಸುತ್ತದೆ ನಿಜ, ಆದರೆ ಯಂತ್ರ ಪೂರ್ತಿ ವೇಗದಲ್ಲಿ ಓಡುವ ಗಂಟೆಗಟ್ಟಲೆ ಹೊತ್ತು ನೆಲಕ್ಕೆ ಹೆಚ್ಚು ಬಲ ದಾಟಿಸುತ್ತದೆ. ಯಂತ್ರ ಮಿತಿ ಮೀರಿ ಆಡದಂತೆ, ಕೆಲವು ಮಿಲಿಮೀಟರ್ ಸಂದು ಬಿಟ್ಟು ರಬ್ಬರ್ ತಡೆಗಳನ್ನು ಇಟ್ಟರೆ ಸಾಕು.

ಇಷ್ಟು ಹೊತ್ತೂ ನೆಲ ಗಟ್ಟಿ ಅಂತ ಎಣಿಸಿದೆವು. ಮಣ್ಣಿನ ಮೇಲಿನ ಕಾಂಕ್ರೀಟ್ ನೆಲಕ್ಕೆ ಅದು ಸರಿ. ಮೇಲಿನ ಮಹಡಿಯಲ್ಲಾದರೆ ಸ್ಲ್ಯಾಬೇ ಒಂದು ಸ್ಪ್ರಿಂಗ್. ಯಂತ್ರದ ಭಾರಕ್ಕೆ ಅದು ತಗ್ಗುವುದಕ್ಕಿಂತ ನಮ್ಮ ಸ್ಪ್ರಿಂಗ್ ಹಲವು ಪಟ್ಟು ಹೆಚ್ಚು ಕುಗ್ಗಬೇಕು. ಸ್ಲ್ಯಾಬಿನ ನಟ್ಟನಡುವೆ ಇಡುವ ಬದಲು ಕಂಬದ ಅಥವಾ ತೊಲೆಯ ಹತ್ತಿರ ಇಡುವುದು ಮೇಲು.

ಲೆಕ್ಕವೆಲ್ಲ ಸರಿಯಿದ್ದೂ ನೆಲ ನಡುಗಿದರೆ? ಹೆಚ್ಚಿನ ಸಲ ತಪ್ಪು ಸ್ಪ್ರಿಂಗಿನದಲ್ಲ. ಕಂಪನ ಬೇರೆ ದಾರಿ ಹಿಡಿದಿರುತ್ತದೆ. ಯಂತ್ರದಿಂದ ಹೊರಟ ಉಕ್ಕಿನ ಪೈಪು ನೇರವಾಗಿ ಗೋಡೆಗೆ ಕ್ಲ್ಯಾಂಪ್ ಆಗಿದ್ದರೆ ಬಲ ಅಲ್ಲಿಂದ ಹೋಗುತ್ತದೆ. ಯಂತ್ರಕ್ಕೂ ಪೈಪಿಗೂ ನಡುವೆ ಆ ಒತ್ತಡ ಮತ್ತು ಬಿಸಿ ತಡೆಯುವ, ಬಾಗುವ ಹೋಸ್ ಇರಬೇಕು. ವಿದ್ಯುತ್ ತಂತಿಗೂ ಗಟ್ಟಿ ಪೈಪಿನ ಬದಲು ಬಾಗುವ ಕೊಳವೆ ಹಾಕಿ, ಒಂದು ಸುತ್ತು ಸಡಿಲ ಬಿಡಬೇಕು. ಸಾಗಣೆಗೆಂದು ಬಿಗಿದ ಬೋಲ್ಟನ್ನು ತೆಗೆಯದೇ ಬಿಟ್ಟಿರುವುದೂ ಉಂಟು. ಇಲ್ಲವೇ ಹಾಸಿನ ಕೆಳಗೆ ಒಂದು ಕಲ್ಲೋ ಒಣಗಿದ ಸಿಮೆಂಟಿನ ಉಂಡೆಯೋ ಸಿಕ್ಕಿಕೊಂಡಿರುತ್ತದೆ.

ಯಂತ್ರ ನಿಲ್ಲಿಸಿ, ಕರೆಂಟ್ ಪೂರ್ತಿ ತೆಗೆದು, ತೆಳ್ಳನೆಯ ಉದ್ದ ಪಟ್ಟಿಯೊಂದನ್ನು ಹಾಸಿನ ಕೆಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆಯಿರಿ. ಸ್ಪ್ರಿಂಗ್ ಬಿಟ್ಟು ಬೇರೆಲ್ಲೂ ಅದು ತಡೆಯಬಾರದು. ಆಮೇಲೆ ನಾಲ್ಕೂ ಸ್ಪ್ರಿಂಗ್‌ಗಳ ಎತ್ತರ ಅಳೆದು, ಭಾರವಿಲ್ಲದ ಎತ್ತರದಿಂದ ಕಳೆಯಿರಿ. ಒಂದು ಕಡೆ 25ರ ಬದಲು 15 ಬಂದರೆ ಆ ಮೂಲೆಯ ಭಾರವನ್ನು ಪೈಪೋ ಬೋಲ್ಟೋ ಹೊತ್ತುಕೊಂಡಿದೆ ಅಂತ ಅನುಮಾನಿಸಿ. ಪೈಪಿನ ಕ್ಲ್ಯಾಂಪನ್ನು ಒಂದೊಂದಾಗಿ ಸಡಿಲಿಸುತ್ತಾ ಬನ್ನಿ. ಯಾವುದನ್ನು ಸಡಿಲಿಸಿದಾಗ ಸ್ಪ್ರಿಂಗ್ ಮತ್ತೆ ಕುಗ್ಗಿತೋ, ಬಲ ನೆಲಕ್ಕೆ ಹೋಗುತ್ತಿದ್ದದ್ದು ಅಲ್ಲಿಂದಲೇ.

ನಮಸ್ಕಾರ.