ಹೊಗೆ ಇಲ್ಲದ ಕೆಂಡ, ಮುಚ್ಚಿದ ಕೋಣೆ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ. "ಇದ್ದಿಲು ಚೆನ್ನಾಗಿ ಕೆಂಡವಾದ ಮೇಲೆ ಹೊಗೆಯೇ ಇರಲ್ಲ ಸಾರ್. ಒಂದು ಬಕೆಟ್ ನೀರಿಟ್ಟು ಮಲಗಿದರೆ ಏನೂ ಆಗಲ್ಲ." ಅದಕ್ಕೆ ಎಷ್ಟೊಂದು ಲೈಕು! ಓದಿ ನನಗೆ ನಿದ್ದೆ ಬರಲಿಲ್ಲ.

ಹೊಗೆ ಇಲ್ಲ ಅಂದ್ರೆ ವಿಷ ಇಲ್ಲ ಅಂತ ಅಲ್ಲ. ಅಗ್ಗಿಷ್ಟಿಕೆಯನ್ನು ಹತ್ತಿರದಿಂದ ನೋಡಿ. ಕೆಂಡದ ಮೇಲೆ ತೆಳುವಾದ ನೀಲಿ ಉರಿ ಆಡುತ್ತದೆ, ಅಲ್ವಾ? ಅದು ಕಾರ್ಬನ್ ಮೊನಾಕ್ಸೈಡ್ ಉರಿಯುತ್ತಿರುವುದು. ಆ ಉರಿ ಆರಿ, ಬೂದಿ ಮುಚ್ಚಿಕೊಂಡ ಮೇಲೆ ಒಳಗಿನ ಕೆಂಡಕ್ಕೆ ಗಾಳಿ ಸಾಲುವುದಿಲ್ಲ. ಆಗ ಅದೇ ಅನಿಲ ಉರಿಯದೆ ಕೋಣೆಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೀವು "ಈಗ ಸರಿಯಾಯ್ತು" ಅಂತ ಬಾಗಿಲು ಹಾಕಿ ಮಲಗುವುದು ಅದೇ ಹೊತ್ತಿಗೆ.

ಬಕೆಟ್ ನೀರು? ಈ ಅನಿಲ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ನಮ್ಮ ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

"ನಮ್ಮಜ್ಜಿ ಇಟ್ಟುಕೊಳ್ಳುತ್ತಿದ್ದರು" ಅಂತೀರಿ. ಅಜ್ಜಿಯ ಮನೆಗೆ ಹೆಂಚಿನ ಮಾಡು, ಸಂದಿಯಲ್ಲೆಲ್ಲ ಗಾಳಿ. ನಿಮ್ಮದು ಆರ್‌ಸಿಸಿ ಮನೆ, ಗಾಜಿನ ಕಿಟಕಿ.

ಮಡಿಕೇರಿ ಕಡೆ ಒಂದು ಹೋಂಸ್ಟೇಯಲ್ಲಿ ನಾವು ನಾಲ್ವರು ಹೀಗೇ ಮಲಗಿದ್ದೆವು. ರಾತ್ರಿ ಎಚ್ಚರವಾದಾಗ ನನಗೆ ಹಣೆ ಸಿಡಿಯುತ್ತಿತ್ತು. ತಮ್ಮನಿಗೆ ವಾಂತಿ, ಅಕ್ಕನಿಗೆ ತಲೆಸುತ್ತು. ಘಾಟಿಯ ತಿರುವು, ಊಟ ಅಂತ ಏನೇನೋ ಅಂದುಕೊಂಡೆವು. ಆದರೆ ಯಾರಿಗೂ ಜ್ವರ ಇರಲಿಲ್ಲ, ಎಲ್ಲರಿಗೂ ಒಂದೇ ಸಲ ಶುರುವಾಗಿತ್ತು. ಅದೇ ಗುರುತು. ಭಾವ ಎದ್ದು ನಿಂತರೆ ಕಾಲು ಹಿಡಿತಕ್ಕೆ ಬರಲಿಲ್ಲ. ತೆವಳಿಕೊಂಡು ಹೋಗಿ ಬಾಗಿಲು ತೆಗೆದರು. ಅಂಗಳಕ್ಕೆ ಬಂದ ಸ್ವಲ್ಪ ಹೊತ್ತಿಗೆ ತಲೆ ಹಗುರವಾಯಿತು. ಇನ್ನೊಂದು ಗಂಟೆ ನಿದ್ದೆ ಮಾಡಿದ್ದರೆ?

ನಿಮಗೆ ಹೀಗಾದರೆ ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ತಲೆ ಹಗುರವಾಯಿತು ಅಂತ ಸುಮ್ಮನಿರಬೇಡಿ. ಡಾಕ್ಟರ್‌ಗೆ "ಕೋಣೆಯಲ್ಲಿ ಇದ್ದಿಲು ಉರಿದಿತ್ತು" ಅಂತ ಬಾಯಿ ಬಿಟ್ಟು ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ಅದಕ್ಕೆ ಈ ಅನಿಲವೂ ಆಮ್ಲಜನಕವೂ ಒಂದೇ ಥರ ಕಾಣುತ್ತದೆ. ರಕ್ತಪರೀಕ್ಷೆಯೇ ಆಗಬೇಕು.

ಜನರೇಟರ್ ಕಥೆಯೂ ಇದೇ. ಶಟರ್ ಅರ್ಧ ಎತ್ತಿದರೆ, ಕಿಟಕಿ ತೆಗೆದರೆ ಸಾಲದು. ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಲ್ಲಿಡಿ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ತಂದು ಮಲಗುವ ಕಡೆ ಹಾಕಿ. ಈ ವಿಡಿಯೋನ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಈಗಲೇ ಕಳಿಸಿ, ಚಾನೆಲ್ ಆಮೇಲೆ ಸಬ್‌ಸ್ಕ್ರೈಬ್ ಮಾಡಿ ಪರವಾಗಿಲ್ಲ.

ಹೊಗೆ ಇಲ್ಲ, ಹೊಗೆ ಇಲ್ಲ ಅಂತೀರಲ್ಲ! ಹೊಗೆ ಇದ್ದಿದ್ದರೆ ಕೆಮ್ಮಿ ಎದ್ದು ಬರುತ್ತಿದ್ದಿರಿ! ಕಾಮೆಂಟ್ ಹಾಕಿದ ಅಣ್ಣಾ, ನಿಮಗೇ ಹೇಳ್ತಿದ್ದೀನಿ. ಆ ಅಗ್ಗಿಷ್ಟಿಕೆ ಇವತ್ತು ರಾತ್ರಿ ಹೊರಗಿಡಿ. ಬೂದಿ ಮುಚ್ಚಿದ್ದರೂ ಹೊರಗೇ. ಇಟ್ಟು, ಕೆಳಗೆ ಒಂದು ಸಾಲು ಬರೆಯಿರಿ. ನಾನು ಕಾಯ್ತಿರ್ತೀನಿ.