ಐವತ್ತು ಕೆಜಿ ಚೀಲ, ಒಂದು ಗಂಟೆ ತರಬೇತಿ: ದಾವಣಗೆರೆಯ ಗೋದಾಮಿನಿಂದ

ನಮಸ್ಕಾರ ಎಲ್ಲರಿಗೂ. ಈಗ ಪರದೆ ಮೇಲೆ ಕಾಣುತ್ತಿರುವುದು ದಾವಣಗೆರೆ ಮಾರುಕಟ್ಟೆ ಹತ್ತಿರದ ಒಂದು ಮೆಕ್ಕೆಜೋಳದ ಗೋದಾಮು. ಕೊಯ್ಲು ಮುಗಿದಿದೆ, ಲಾರಿ ಮೇಲೆ ಲಾರಿ ಬರುತ್ತಿದೆ. ಒಂದೊಂದು ಚೀಲ 50 ಕೆಜಿ. ಈ ಚೀಲ ಹೊರುವ ಹಮಾಲರಿಗೆ ಭಾರ ಎತ್ತುವುದರ ಬಗ್ಗೆ ತರಬೇತಿ ಕೊಡುವುದು ನನ್ನ ಕೆಲಸ. ಮಾಲೀಕರು ಕೊಡುವುದು ಒಂದೇ ಗಂಟೆ. ಆ ಗಂಟೆಯನ್ನು ನಾನು ಹೇಗೆ ಬಳಸುತ್ತೇನೆ ಅಂತ ಇವತ್ತು ಪೂರ್ತಿ ತೋರಿಸುತ್ತೇನೆ. ಇಂಥದ್ದೇ ತರಬೇತಿ ಕೊಡಬೇಕಾದ ಮೇಸ್ತ್ರಿಗಳು, ಸೂಪರ್‌ವೈಸರ್‌ಗಳು ಇದ್ದರೆ ಹಾಗೇ ಬಳಸಿಕೊಳ್ಳಿ.

ಮೊದಲೇ ಒಂದು ಮಾತು. "ಮಂಡಿ ಬಗ್ಗಿಸಿ, ಬೆನ್ನು ನೇರ ಇಡಿ" ಅಂತ ಹೇಳಿಕೊಟ್ಟು ಮನೆಗೆ ಹೋದರೆ ಏನೂ ಬದಲಾಗುವುದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಯಲ್ಲೂ ಅದೇ ಕಂಡಿದೆ. ಎತ್ತುವ ವಿಧಾನ ಕಲಿಸಿದ್ದರಿಂದಲೇ ಬೆನ್ನು ನೋವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಹಾಗಾಗಿ ನನ್ನ ಒಂದು ಗಂಟೆಯಲ್ಲಿ ಅರ್ಧದಷ್ಟು ಮಾತ್ರ ಮೈಗೆ. ಉಳಿದದ್ದು ಚೀಲ ಎಲ್ಲಿ ಇದೆ, ಎಷ್ಟು ಎತ್ತರದಲ್ಲಿದೆ ಅನ್ನುವುದಕ್ಕೆ.

ಮೊದಲ ಐದು ನಿಮಿಷ ಗುರಿಗಳಿಗೆ. ಮೂರೇ ಗುರಿ, ಮೂರೂ ಕಣ್ಣಿಗೆ ಕಾಣುವಂಥವು. ಗಂಟೆ ಮುಗಿಯುವಾಗ ಪ್ರತಿಯೊಬ್ಬರೂ ಚೀಲವನ್ನು ಮೈಗೆ ಒತ್ತಿಕೊಂಡು, ಸೊಂಟ ತಿರುಚದೆ ಎತ್ತಿ ತೋರಿಸಬೇಕು. ಯಾವ ಚೀಲವನ್ನು ಒಬ್ಬರೇ ಎತ್ತಬಾರದು ಅಂತ ಈ ಗೋದಾಮಿನಲ್ಲೇ ಬೆರಳು ಮಾಡಿ ತೋರಿಸಬೇಕು. ಚೀಲ ನೆಲದಿಂದ ಎತ್ತುವ ಒಂದು ಜಾಗವನ್ನು ಎಲ್ಲರೂ ಸೇರಿ ಬದಲಾಯಿಸಬೇಕು. "ತಿಳಿವಳಿಕೆ ಮೂಡಿಸುವುದು" ಅಂತ ನಾನು ಬರೆಯುವುದಿಲ್ಲ. ತಿಳಿವಳಿಕೆ ಮೂಡಿತೋ ಇಲ್ಲವೋ ಅಂತ ನೋಡುವುದು ಹೇಗೆ ಹೇಳಿ?

ಗುರಿ ಹೇಳುತ್ತಲೇ ಒಂದು ಪ್ರಶ್ನೆ ಕೇಳುತ್ತೇನೆ: "ಅಣ್ಣಾ, ನಿಮಗೆ ಎಲ್ಲಿ ನೋಯುತ್ತದೆ?" ಇಲ್ಲಿ ಹೆಚ್ಚಿನವರು ಕೈ ಇಟ್ಟಿದ್ದು ನಡುವಿನ ಮೇಲೆ. ಒಬ್ಬ ಹಿರಿಯರು ಸೊಂಟಕ್ಕೆ ಬಿಗಿದಿದ್ದ ಟವೆಲ್ ತೋರಿಸಿ, "ಇದು ಇದ್ದರೆ ಏನೂ ಆಗಲ್ಲ ಮೇಡಂ" ಅಂದರು. ಟವೆಲ್ ಕಟ್ಟಿದರೆ ಗಟ್ಟಿ ಅನಿಸುತ್ತದೆ, ನಿಜ. ಆದರೆ ಅಂಗಡಿಯಲ್ಲಿ ಮಾರುವ ಸೊಂಟಪಟ್ಟಿಯೇ ಗಾಯ ತಡೆಯುತ್ತದೆ ಅನ್ನುವುದಕ್ಕೆ ಆಧಾರ ಸಾಲದು ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1994ರಲ್ಲೇ ಹೇಳಿದೆ. ಟವೆಲ್ ಬಿಚ್ಚಿ ಅಂತ ನಾನು ಹೇಳಲಿಲ್ಲ. ಟವೆಲ್ ಇದೆ ಅಂತ ಜಾಸ್ತಿ ಭಾರ ಹೊರಬೇಡಿ ಅಂದೆ.

ಮುಂದಿನ ಹತ್ತು ನಿಮಿಷ ಒಂದು ಸಣ್ಣ ಪ್ರಯೋಗ. 5 ಕೆಜಿ ಜೋಳದ ಚೀಲ ಕೈಗೆ ಕೊಡುತ್ತೇನೆ. ಮೊದಲು ಎದೆಗೆ ಒತ್ತಿ ಹಿಡಿಯಲಿ, ಆಮೇಲೆ ಕೈ ಚಾಚಿ ಹಿಡಿಯಲಿ. ಸ್ವಲ್ಪ ಹೊತ್ತಿಗೇ ಭುಜ ನಡುಗುತ್ತದೆ. ಚೀಲ ಅದೇ, ತೂಕ ಅದೇ. ಬದಲಾಗಿದ್ದು ದೂರ ಮಾತ್ರ.

ನಿಮ್ಮ ನಡು ಒಂದು ತಕ್ಕಡಿ ಇದ್ದ ಹಾಗೆ. ಒಂದು ಕಡೆ ಚೀಲ, ಇನ್ನೊಂದು ಕಡೆ ಬೆನ್ನಿನ ಸ್ನಾಯು. ಆದರೆ ತೋಳುಗಳ ಉದ್ದ ಸಮ ಇಲ್ಲ. ಸ್ನಾಯು ಬೆನ್ನೆಲುಬಿನ ಕೀಲಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇದೆ, ಅಷ್ಟೇ. ಚೀಲವನ್ನು ಅಪ್ಪಿಕೊಂಡರೂ ಅದರ ನಡುಭಾಗ ಕೀಲಿನಿಂದ 30 ಸೆಂಟಿಮೀಟರ್ ಮುಂದೆ ಇರುತ್ತದೆ ಅಂದುಕೊಳ್ಳಿ. ಅಂದರೆ ಆರು ಪಟ್ಟು. 20 ಕೆಜಿ ಚೀಲಕ್ಕೆ ಸ್ನಾಯು 120 ಕೆಜಿಯಷ್ಟು ಎಳೆಯಬೇಕು. ಕೈ ಚಾಚಿ 60 ಸೆಂಟಿಮೀಟರ್ ದೂರದಿಂದ ಎತ್ತಿದರೆ ಅದೇ ಚೀಲಕ್ಕೆ 240 ಕೆಜಿ. 50 ಕೆಜಿ ಚೀಲವನ್ನು ಅಪ್ಪಿಕೊಂಡೇ ಎತ್ತಿದರೂ ಲೆಕ್ಕ 300 ಕೆಜಿಗೆ ಹೋಗುತ್ತದೆ. ಬಗ್ಗಿದಾಗ ನಿಮ್ಮದೇ ಮೈಯ ಮೇಲ್ಭಾಗದ ಭಾರ ಇದಕ್ಕೆ ಸೇರುತ್ತದೆ. ಇದು ಅಂದಾಜು ಲೆಕ್ಕ. ಆದರೂ ಹಮಾಲರಿಗೆ ತೂಕದ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ, ಕೂಡಲೇ ಹಿಡಿದುಕೊಳ್ಳುತ್ತಾರೆ.

ಹದಿನೈದನೇ ನಿಮಿಷದಿಂದ ಮೂವತ್ತೈದರವರೆಗೆ ಅಭ್ಯಾಸ. ತುಂಬಿದ ಚೀಲದಲ್ಲಿ ಅಲ್ಲ. ಹೊಟ್ಟು ತುಂಬಿದ 15 ಕೆಜಿ ಚೀಲದಲ್ಲಿ. ಕಲಿಯುವಾಗಲೇ ನಡು ಹಿಡಿದರೆ ತರಬೇತಿಗೇ ಅರ್ಥ ಇಲ್ಲ. ಮೂವರ ಗುಂಪು ಮಾಡುತ್ತೇನೆ: ಒಬ್ಬರು ಎತ್ತುತ್ತಾರೆ, ಒಬ್ಬರು ಕಾಲು ನೋಡುತ್ತಾರೆ, ಒಬ್ಬರು ಸೊಂಟ ನೋಡುತ್ತಾರೆ.

ಈ ವಿಡಿಯೋ ತುಣುಕು ನಿಧಾನಕ್ಕೆ ನೋಡಿ. ಮಲಗಿದ ಚೀಲವನ್ನು ಅವರು ನೇರ ಎತ್ತುತ್ತಿಲ್ಲ. ಮೊದಲು ಚೀಲವನ್ನು ನಿಲ್ಲಿಸುತ್ತಾರೆ. ಒಂದು ಕಾಲು ಚೀಲದ ಪಕ್ಕಕ್ಕೆ, ಇನ್ನೊಂದು ಸ್ವಲ್ಪ ಹಿಂದಕ್ಕೆ. ಒಂದು ಕೈ ಚೀಲದ ಮೇಲಿನ ಕಿವಿಗೆ, ಇನ್ನೊಂದು ಎದುರು ಮೂಲೆಯ ಕೆಳಗಿನ ಅಂಚಿಗೆ. ಹೀಗೆ ಓರೆಯಾಗಿ ಹಿಡಿದರೆ ಒಳಗಿನ ಜೋಳ ಒಂದೇ ಕಡೆ ಸರಿದು ಚೀಲ ವಾಲುವುದಿಲ್ಲ. ಗೋಣಿ ಚೀಲವಾದರೆ ಹಿಡಿತ ಸಿಗುತ್ತದೆ. ಪ್ಲಾಸ್ಟಿಕ್ ಚೀಲ ಜಾರುತ್ತದೆ, ಬೆವರಿದ ಕೈಗಂತೂ ಇನ್ನೂ ಜಾಸ್ತಿ. ಅದಕ್ಕೆ ಕೆಳಗಿನ ಕೈಯನ್ನು ಅಂಚಿಗಿಂತ ಒಳಗೆ, ಚೀಲದ ತಳಕ್ಕೇ ಕೊಡಬೇಕು. ಆಮೇಲೆ ಚೀಲವನ್ನು ತೊಡೆಯ ಮೇಲೆ ತಂದು ಒಂದು ಉಸಿರು ನಿಲ್ಲುತ್ತಾರೆ. ಅಲ್ಲಿಂದ ಮೇಲಕ್ಕೆ.

ಇಲ್ಲಿ ಎಲ್ಲರೂ ಎಡವುವುದು ಎತ್ತುವಾಗ ಅಲ್ಲ, ತಿರುಗುವಾಗ. ಚೀಲ ಪೇರಿಸುವ ನಿಟ್ಟು ಎಡಕ್ಕಿದ್ದರೆ ಕಾಲು ಅಲ್ಲೇ ಇಟ್ಟು ಸೊಂಟ ಮಾತ್ರ ಹೊರಳಿಸುತ್ತಾರೆ. ಬಗ್ಗಿ, ಭಾರ ಹಿಡಿದು, ತಿರುಚುವುದು ಮೂರೂ ಒಟ್ಟಿಗೆ ಆದಾಗ ಬೆನ್ನೆಲುಬಿನ ಡಿಸ್ಕ್ ಮೇಲೆ ಕೆಟ್ಟ ಒತ್ತಡ ಬೀಳುತ್ತದೆ. ನೋಡುವವರಿಗೆ ಒಂದು ಗುರುತು ಹೇಳುತ್ತೇನೆ: ಅಂಗಿಯ ಗುಂಡಿಸಾಲು ಮತ್ತು ಕಾಲಿನ ಹೆಬ್ಬೆರಳು ಒಂದೇ ದಿಕ್ಕಿಗೆ ಇವೆಯಾ? ಬೇರೆ ಬೇರೆ ದಿಕ್ಕಿಗಿದ್ದರೆ ತಿರುಚಿದ್ದಾರೆ ಅಂತಲೇ. ಮೂರನೆಯವರು ಆಗ "ಕಾಲು!" ಅಂತ ಕೂಗಬೇಕು. ಸ್ವಲ್ಪ ಹೊತ್ತಲ್ಲಿ ಗೋದಾಮಿಡೀ "ಕಾಲು, ಕಾಲು" ಅನ್ನುತ್ತಿತ್ತು.

ಮೂವತ್ತೈದರಿಂದ ಐವತ್ತರವರೆಗಿನ ಹದಿನೈದು ನಿಮಿಷ ನನಗೆ ಎಲ್ಲಕ್ಕಿಂತ ಮುಖ್ಯ. ಎಲ್ಲರೂ ಸೇರಿ ಗೋದಾಮು ಸುತ್ತುತ್ತೇವೆ. ಹುಡುಕುವುದು ಒಂದನ್ನೇ: ಚೀಲ ಎಲ್ಲಿ ನೆಲದಿಂದ ಏಳುತ್ತಿದೆ?

ಇದಕ್ಕೆ ಕಾರಣ ಹೇಳುತ್ತೇನೆ. ಬ್ರಿಟನ್ನಿನ ಕೆಲಸದ ಸುರಕ್ಷತಾ ಸಂಸ್ಥೆಯ ಮಾರ್ಗಸೂಚಿಯಲ್ಲಿ, ಗಂಡಸರು ಸೊಂಟದ ಎತ್ತರದಲ್ಲಿ ಮೈಗೆ ಹತ್ತಿರ ಹಿಡಿದು ಎತ್ತಲು 25 ಕೆಜಿ ಅಂತಿದೆ. ಅದೇ ನೆಲದ ಮಟ್ಟದಿಂದಾದರೆ 10 ಕೆಜಿ ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ಎತ್ತಲೇಬಾರದು ಅಂತ ಅಲ್ಲ, ಆ ಕೆಲಸವನ್ನು ಕೂತು ಪರಿಶೀಲಿಸಿ ಅಂತ ಅರ್ಥ. ನಮ್ಮ ಚೀಲ 50 ಕೆಜಿ. ಇಬ್ಬರು ಹಿಡಿದರೆ ತಲಾ 25 ಅಲ್ವಾ ಅಂತ ಒಬ್ಬರು ಕೇಳಿದರು. ಹಾಗಾಗುವುದಿಲ್ಲ. ಇಬ್ಬರ ಎತ್ತರ, ಹಿಡಿತ, ವೇಗ ಹೊಂದುವುದಿಲ್ಲ. ಇಬ್ಬರ ಒಟ್ಟು ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಅಂದರೆ ನೆಲದಲ್ಲಿರುವ 50 ಕೆಜಿ ಚೀಲವನ್ನು ಎಷ್ಟೇ ಚೆನ್ನಾಗಿ ಎತ್ತಿದರೂ ಅದು ಭಾರವೇ. ದಾರಿ ಒಂದೇ, ಅದು ನೆಲದಲ್ಲಿ ಇರಬಾರದು.

ಲಾರಿಯಿಂದ ಇಳಿಸುವಾಗ ನೋಡಿ, ಅಲ್ಲಿ ತೊಂದರೆ ಕಡಿಮೆ. ಲಾರಿ ಮೇಲಿನ ಇಬ್ಬರು ಚೀಲವನ್ನು ಅಂಚಿಗೆ ತಂದು ಕೆಳಗಿರುವವರ ಬೆನ್ನ ಮೇಲೆ ಇಡುತ್ತಾರೆ. ಯಾರೂ ನೆಲಕ್ಕೆ ಬಗ್ಗುವುದಿಲ್ಲ. ತಲೆಮಾರುಗಳಿಂದ ಬಂದ ಒಳ್ಳೆಯ ಪದ್ಧತಿ ಅದು, ಅದನ್ನು ನಾನು ಮುಟ್ಟುವುದಿಲ್ಲ. ಕಷ್ಟ ಇದ್ದದ್ದು ತೂಕದ ಯಂತ್ರದ ಹತ್ತಿರ. ರಾಶಿಯಿಂದ ಚೀಲಕ್ಕೆ ಜೋಳ ತುಂಬುತ್ತಾರೆ, ತೂಗುತ್ತಾರೆ, ಬಾಯಿ ಹೊಲಿಯುತ್ತಾರೆ. ಯಂತ್ರದ ತಟ್ಟೆ ನೆಲದಿಂದ ಒಂದು ಗೇಣೂ ಇಲ್ಲ. ಅಲ್ಲಿಂದ ಪ್ರತಿ ಚೀಲಕ್ಕೂ ಬಗ್ಗಿ ಎತ್ತಬೇಕು, ದಿನವಿಡೀ.

ಯಂತ್ರವನ್ನು ಮೇಲಿಟ್ಟರೆ ಚೀಲವನ್ನು ಅದರ ಮೇಲೆ ಎತ್ತಿ ಇಡಬೇಕಲ್ಲ ಅಂತ ಮೇಸ್ತ್ರಿ ಕೇಳಿದರು. ಸರಿಯಾದ ಪ್ರಶ್ನೆ. ಉತ್ತರ ಚೀಲ ತುಂಬುತ್ತಿದ್ದ ಹುಡುಗನಿಂದ ಬಂತು: "ಖಾಲಿ ಚೀಲನೇ ಮೇಲಿಡೋಣ ಅಣ್ಣ, ಅಲ್ಲೇ ತುಂಬೋಣ." ಅಷ್ಟೇ! ಯಂತ್ರವನ್ನು ಮಂಡಿ ಎತ್ತರದ ಗಟ್ಟಿ ಮೇಜಿನ ಮೇಲೆ ಇಟ್ಟು, ಖಾಲಿ ಚೀಲ ಅದರ ಮೇಲೆ ನಿಲ್ಲಿಸಿ, ಬುಟ್ಟಿಯಿಂದ ಜೋಳ ಸುರಿಯುವುದು. 50 ಕೆಜಿಯನ್ನು ಒಮ್ಮೆಗೆ ಎತ್ತುವ ಬದಲು ಬುಟ್ಟಿಬುಟ್ಟಿಯಾಗಿ ಎತ್ತಿದ ಹಾಗಾಯಿತು. ಚೀಲ ತುಂಬುವ ಹೊತ್ತಿಗೆ ಮಂಡಿ ಎತ್ತರದಲ್ಲೇ ಇರುತ್ತದೆ. ಅಲ್ಲಿಂದ ಇಬ್ಬರು ಎಣಿಸಿ ಎತ್ತಿ ಮೂರನೆಯವರ ಬೆನ್ನಿಗೆ ಕೊಡುತ್ತಾರೆ.

ಇದಕ್ಕೂ ಮಿತಿ ಇದೆ. ತುಂಬುವುದು ಸ್ವಲ್ಪ ನಿಧಾನ ಆಗುತ್ತದೆ. ಬುಟ್ಟಿ ದೊಡ್ಡದಾದರೆ ತುಂಬುವವರ ಭುಜಕ್ಕೆ ಹೊಸ ನೋವು ಶುರು, ಅದಕ್ಕೆ ಚಿಕ್ಕ ಬುಟ್ಟಿಯೇ ಆಗಬೇಕು. ಮೇಜು ಅಲುಗಿದರೆ ತೂಕ ತಪ್ಪುತ್ತದೆ, ಯಂತ್ರದ ಮಟ್ಟ ನೋಡುವ ಗುಳ್ಳೆಯನ್ನು ಬೆಳಿಗ್ಗೆ ಒಮ್ಮೆ ನೋಡಲೇಬೇಕು. ಚೀಲಕ್ಕೆ ಇಷ್ಟು ಅಂತ ಕೂಲಿ ಪಡೆಯುವವರಿಗೆ ನಿಧಾನ ಅಂದರೆ ನಷ್ಟ. ಹಾಗಾಗಿ ಈ ಮಾತು ಮಾಲೀಕರ ಎದುರಿಗೇ ಆಗಬೇಕು. ಅವರಿಲ್ಲದೆ ಈ ಹದಿನೈದು ನಿಮಿಷ ನಾನು ನಡೆಸುವುದಿಲ್ಲ.

ಕೊನೆಯ ಹತ್ತು ನಿಮಿಷ ಪ್ರಶ್ನೆಗಳು. ಬರೆಯುವುದಿಲ್ಲ, ಬಾಯಲ್ಲಿ ಹೇಳಬೇಕು ಅಥವಾ ಮಾಡಿ ತೋರಿಸಬೇಕು. ಚೀಲ ಲಾರಿ ಅಂಚಿನಿಂದ ಎರಡಡಿ ಒಳಗಿದೆ, ಏನು ಮಾಡುತ್ತೀರಿ? "ಮೊದಲು ಅಂಚಿಗೆ ಎಳೆಯುತ್ತೇನೆ" ಅನ್ನುವುದು ನಾನು ಬರೆದಿಟ್ಟ ಉತ್ತರ. ಇಲ್ಲಿ ಒಬ್ಬರು, "ನಾನು ಎಳೆಯಲ್ಲ, ಮೇಲಿರುವವನು ತಳ್ಳಬೇಕು" ಅಂದರು. ನನ್ನ ಉತ್ತರಕ್ಕಿಂತ ಅದೇ ಚೆನ್ನಾಗಿದೆ, ಹಾಳೆಯಲ್ಲಿ ಬರೆದುಕೊಂಡೆ.

ಇಬ್ಬರು ಎತ್ತುವಾಗ ಎಣಿಸುವವರು ಯಾರು? ಒಬ್ಬರೇ, ಮೊದಲೇ ಗೊತ್ತಾಗಿರಬೇಕು. ಚೀಲ ಕೈಜಾರುತ್ತಿದೆ, ಹಿಡಿಯುತ್ತೀರಾ? ಇಲ್ಲ, ಕಾಲು ಹಿಂದೆ ತೆಗೆದು ಬಿಟ್ಟುಬಿಡಬೇಕು. ಬೀಳುವ ಚೀಲ ಹಿಡಿಯಲು ಹೋಗಿ ನಡು ಉಳುಕುತ್ತದೆ. ಇದಕ್ಕೆ ಬಹಳ ಜನ ತಪ್ಪು ಉತ್ತರ ಕೊಡುತ್ತಾರೆ, ಚೀಲ ಒಡೆದರೆ ಕೂಲಿಯಲ್ಲಿ ಹಿಡಿಯುತ್ತಾರೆ ಅನ್ನುವ ಭಯ. "ಒಡೆದ ಚೀಲಕ್ಕೆ ಹಿಡಿಯಲ್ಲ" ಅಂತ ಮಾಲೀಕರ ಬಾಯಲ್ಲೇ ಹೇಳಿಸಿದ ಮೇಲೆ ಮುಂದಿನ ಪ್ರಶ್ನೆಗೆ ಹೋದೆ.

ಕೊನೆಯ ಪ್ರಶ್ನೆ: ಯಾವ ನೋವಿಗೆ ಕೆಲಸ ನಿಲ್ಲಿಸಬೇಕು? ಸಂಜೆಯ ಮೈಕೈ ನೋವು ಬೇರೆ. ನೋವು ಮಂಡಿಯಿಂದ ಕೆಳಗೆ ಇಳಿದರೆ, ಕಾಲು ಜೋಮು ಹಿಡಿದರೆ, ಪಾದ ಎತ್ತಲು ಬಲ ಸಾಲದಿದ್ದರೆ ಚೀಲ ಕೆಳಗಿಟ್ಟು ವೈದ್ಯರ ಹತ್ತಿರ ಹೋಗಬೇಕು. ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ನಾಳೆ ನೋಡೋಣ ಅನ್ನುವಂತಿಲ್ಲ. ಆ ಗಳಿಗೆಯಲ್ಲೇ ಆಸ್ಪತ್ರೆ. ತಡವಾದರೆ ಆ ಹಾನಿ ಶಾಶ್ವತವಾಗಿ ಉಳಿಯಬಹುದು.

ಎರಡು ವಾರ ಬಿಟ್ಟು ನಾನು ಇಲ್ಲಿಗೆ ಮತ್ತೆ ಬರುತ್ತೇನೆ. ಆಗ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ತೂಕದ ಯಂತ್ರ ಇನ್ನೂ ಮೇಜಿನ ಮೇಲೆ ಇದೆಯಾ ಅಂತ ನೋಡುತ್ತೇನೆ. ನೆಲಕ್ಕೆ ಇಳಿದಿದ್ದರೆ ಯಾಕೆ ಇಳಿಯಿತು ಅಂತ ಮೇಸ್ತ್ರಿ ಜೊತೆ ಕೂತು ಮಾತಾಡುತ್ತೇನೆ. ಆ ವಿಡಿಯೋ ಕೂಡ ಹಾಕುತ್ತೇನೆ.